ಚೀಲ ಒದ್ದೆಯಾಗಿದೆ, ಪತ್ರ ಹೇಗೆ ಬರೆಯುವುದು?

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಸಹಕಾರ ಸಂಘವೊಂದರ ಗೋದಾಮಿನ ಶೀಟು ಸೋರಿದೆ ಎಂದುಕೊಳ್ಳಿ. ಬೆಳೆಗಾರರೊಬ್ಬರು ಇಟ್ಟಿದ್ದ 40 ಚೀಲ ರೋಬಸ್ಟಾ ಕಾಫಿ ಚೆರ್ರಿಯಲ್ಲಿ 6 ಚೀಲ ನೆನೆದಿವೆ. ಅವರಿಗೆ ಪತ್ರ ಹೋಗಬೇಕು. ಚೀಲಗಳನ್ನು ಗೋಡೆಗೆ ಒತ್ತಿ ಪೇರಿಸಿದವರು ಯಾರೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಪತ್ರ ಆ ಕೆಲಸಗಾರನ ಮೇಲಿನ ದೂರಾಗಬಾರದು.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ‘-ಲಾಗಿದೆ’ಯ ಕಡೆಗೆ ಹೋಗುತ್ತದೆ: ‘ಚೀಲಗಳನ್ನು ಗೋಡೆಗೆ ತಾಗಿಸಿ ಇಡಲಾಗಿದ್ದು, ಮಳೆನೀರಿನಿಂದ ಒದ್ದೆಯಾಗಿವೆ.’ ಹೆಸರೇನೋ ಇಲ್ಲ, ಆದರೆ ಆರೋಪ ಇದೆ. ‘ಇಡಲಾಗಿದೆ’ ಎಂಬ ರೂಪ ಮಾಡಿದವನ ಹೆಸರನ್ನು ಮಾತ್ರ ಮರೆಮಾಡುತ್ತದೆ. ಯಾರೋ ಒಬ್ಬರು ತಿಳಿದೇ ಮಾಡಿದರು ಎಂಬ ಅರ್ಥವನ್ನು ಹಾಗೇ ಉಳಿಸುತ್ತದೆ. ಓದಿದವರ ಮೊದಲ ಪ್ರಶ್ನೆ ‘ಇಟ್ಟವರು ಯಾರು?’ ಎಂದೇ. ಅದರ ಬದಲು ‘ಗೋಡೆಗೆ ತಾಗಿಕೊಂಡಿದ್ದ ಚೀಲಗಳು ಒದ್ದೆಯಾಗಿವೆ’ ಎಂದು ಬರೆದು ನೋಡಿ. ಇಲ್ಲಿ ಚೀಲವೇ ಕರ್ತೃ, ಕ್ರಿಯೆ ತಾನಾಗಿ ನಡೆದದ್ದು. ಹುಡುಕುವುದಕ್ಕೆ ಯಾರೂ ಇಲ್ಲ.

ಆದ್ದರಿಂದ ಆಕಸ್ಮಿಕಕ್ಕೆ ‘ಆಗು’, ‘ಹೋಗು’. ಯೋಚಿಸಿ ತೆಗೆದುಕೊಂಡ ನಿರ್ಧಾರಕ್ಕೆ ‘-ಲಾಗಿದೆ’. ‘ಸಭೆಯನ್ನು ಮುಂದೂಡಲಾಗಿದೆ’ ಸರಿ, ಏಕೆಂದರೆ ಮುಂದೂಡಿದ್ದು ಆಡಳಿತ ಮಂಡಳಿ, ಅದನ್ನು ಬಚ್ಚಿಡಬೇಕಾಗಿಲ್ಲ. ‘ರಶೀದಿ ಕಳೆದುಹೋಗಿದೆ’ ಸರಿ. ‘ರಶೀದಿಯನ್ನು ಕಳೆಯಲಾಗಿದೆ’ ಎಂದರೆ ಬೇಕೆಂದೇ ಕಳೆದಂತೆ. ‘ಮುಂದೂಡಲ್ಪಟ್ಟಿದೆ’ ಎಂಬ ‘-ಪಟ್ಟಿದೆ’ ರೂಪ ವ್ಯಾಕರಣಕ್ಕೆ ತಪ್ಪಲ್ಲದಿದ್ದರೂ ಕಿವಿಗೆ ಭಾರ. ಸಾಮಾನ್ಯ ಪತ್ರಕ್ಕೆ ಅದು ಬೇಕಾಗುವುದು ಅಪರೂಪ.

ಪತ್ರ ಹೀಗಿರಬಹುದು:

‘ಜುಲೈ 22ರ ಮಳೆಗೆ ಗೋದಾಮಿನ ಶೀಟು ಸೋರಿ, ತಮ್ಮ 40 ಚೀಲ ಚೆರ್ರಿಯಲ್ಲಿ ಗೋಡೆಗೆ ತಾಗಿಕೊಂಡಿದ್ದ 6 ಚೀಲ ಒದ್ದೆಯಾಗಿವೆ. ಅವುಗಳ ತೇವಾಂಶ ಶೇ 11ರಿಂದ 16ಕ್ಕೆ ಏರಿದೆ, ಬೂಷ್ಟೂ ಕಾಣಿಸಿಕೊಂಡಿದೆ. ಈ 6 ಚೀಲಕ್ಕೆ ಮೊದಲಿನ ದರ ಸಿಗುವುದಿಲ್ಲ. ಅವನ್ನು ಬೇರೆ ಇಡಲಾಗಿದೆ. ಉಳಿದ 34 ಚೀಲ ಒಣಗಿಯೇ ಇವೆ. ನಮ್ಮ ಗೋದಾಮಿನಲ್ಲಿ ಹೀಗಾದದ್ದಕ್ಕೆ ವಿಷಾದಿಸುತ್ತೇವೆ. ದರದ ವ್ಯತ್ಯಾಸವನ್ನು ಸಂಘ ಭರಿಸುತ್ತದೆ. ಆಗಸ್ಟ್ 5ರೊಳಗೆ ಕಾರ್ಯದರ್ಶಿಯವರು ತಮಗೆ ಲೆಕ್ಕ ಕೊಡುತ್ತಾರೆ.’

ಕ್ರಿಯಾಪದಗಳು ಬದಲಾಗುವುದನ್ನು ಗಮನಿಸಿ. ನಷ್ಟ ಹೇಳುವಾಗ ಸೋರಿ, ಒದ್ದೆಯಾಗಿ, ಏರಿ. ಬೇರೆ ಇಟ್ಟದ್ದು ಬೇಕೆಂದೇ ಮಾಡಿದ ಒಳ್ಳೆಯ ಕೆಲಸ, ಅಲ್ಲಿ ‘ಇಡಲಾಗಿದೆ’ ಯಾರಿಗೂ ಚುಚ್ಚುವುದಿಲ್ಲ. ಪರಿಹಾರಕ್ಕೆ ಬಂದ ಕೂಡಲೇ ಕರ್ತೃ ಎದ್ದು ಬರುತ್ತಾನೆ: ಸಂಘ ಭರಿಸುತ್ತದೆ, ಕಾರ್ಯದರ್ಶಿ ಕೊಡುತ್ತಾರೆ. ಹೆಚ್ಚಿನ ಪತ್ರಗಳು ಕೆಡುವುದು ಇಲ್ಲೇ. ‘ಸೂಕ್ತ ಪರಿಹಾರ ನೀಡಲಾಗುವುದು’ ಎಂದು ಬರೆದುಬಿಟ್ಟರೆ ಯಾರು, ಯಾವಾಗ, ಎಷ್ಟು ಎಂಬ ಮೂರೂ ಕಾಣೆಯಾಗುತ್ತವೆ. ಅಷ್ಟು ಹೊತ್ತು ಸೌಜನ್ಯವಾಗಿ ಕಂಡದ್ದು ಜಾರಿಕೊಳ್ಳುವ ಮಾತಾಗಿ ಕಾಣುತ್ತದೆ.

‘-ಇಂದ’ ಪ್ರತ್ಯಯದ ಬಗ್ಗೆ ವಿಶೇಷ ಎಚ್ಚರ ಬೇಕು. ‘ಮಳೆಯಿಂದ’ ಎಂದರೆ ಕಾರಣ, ‘ಗುಮಾಸ್ತರಿಂದ ತಪ್ಪಾಗಿದೆ’ ಎಂದರೆ ನೇರ ಆರೋಪ. ಮುಂದೆ ‘ಆಗಿದೆ’ ಇದ್ದರೂ ಅದು ಕಾಪಾಡುವುದಿಲ್ಲ. ಆದರೆ ಇದೇ ಪ್ರತ್ಯಯ ‘ನಮ್ಮಿಂದ ತಪ್ಪಾಗಿದೆ’ ಎಂದಾಗ ಕನ್ನಡದ ಅತ್ಯಂತ ಗೌರವದ ತಪ್ಪೊಪ್ಪಿಗೆ. ಶೀಟು ಸೋರುತ್ತಿದ್ದುದು ಮೊದಲೇ ಗೊತ್ತಿದ್ದರೆ ಈ ವಾಕ್ಯವನ್ನು ಬರೆಯಲೇಬೇಕು. ಗೊತ್ತಿದ್ದದ್ದನ್ನು ಮಳೆಯ ತಲೆಗೆ ಕಟ್ಟುವುದು ಸುಳ್ಳು.

ತಪ್ಪು ಓದುಗರದ್ದೇ ಆದಾಗಲೂ ಇದೇ ದಾರಿ. ‘ನೀವು ಪಹಣಿ ಕೊಟ್ಟಿಲ್ಲ’ ಎನ್ನುವ ಬದಲು ‘ಪಹಣಿ ನಮಗೆ ಬಂದಿಲ್ಲ’. ‘ನೀವು ಸರಿಯಾಗಿ ಒಣಗಿಸಿಲ್ಲ’ ಎನ್ನುವ ಬದಲು ‘ಮಾದರಿಯಲ್ಲಿ ತೇವಾಂಶ ಶೇ 13 ಇದೆ, ಇನ್ನೂ ಒಣಗಬೇಕು’. ಎರಡನೆಯದರಲ್ಲಿ ಅಳತೆಯೇ ಮಾತಾಡುತ್ತದೆ. ಕಣದಲ್ಲಿ ಅವರು ಪಟ್ಟ ಪಾಡನ್ನು ನಾವು ತೂಗಿದಂತಾಗುವುದಿಲ್ಲ.

ಬಾಯಿಮಾತಿನಲ್ಲಿ ಮಾತ್ರ ‘-ಲಾಗಿದೆ’ ಬೇಡ. ಫೋನಿನಲ್ಲಿ ಹಿರಿಯ ಬೆಳೆಗಾರರಿಗೆ ‘ಬೇರೆ ಇಡಲಾಗಿದೆ’ ಎಂದರೆ ಸುತ್ತೋಲೆ ಓದಿದಂತೆ. ‘ಆರು ಚೀಲ ಒದ್ದೆಯಾಗ್ಬಿಟ್ಟಿದೆ ಸಾರ್, ಬೇರೆ ಇಟ್ಟಿದ್ದೀವಿ’ ಎಂದರೆ ಸಾಕು. ಈ ‘-ಬಿಟ್ಟಿದೆ’ಯಲ್ಲಿ ಮರುಕವಿದೆ. ಅದೇ ಪದ ಮನುಷ್ಯರಿಗೆ ಅಂಟಿದಾಗ, ‘ಹುಡುಗ ಮರೆತುಬಿಟ್ಟ’ ಎಂದಾಗ, ದೂರಾಗುತ್ತದೆ.

ಸಂಘದ ತನಿಖಾ ವರದಿಗೆ ಇದು ಯಾವುದೂ ಸಲ್ಲದು. ಅಲ್ಲಿ ಚೀಲ ಪೇರಿಸಿದವರು ಯಾರು, ಶೀಟನ್ನು ಕೊನೆಯ ಬಾರಿ ನೋಡಿದವರು ಯಾರು ಎಂದು ಹೆಸರು, ದಿನಾಂಕ ಸಮೇತ ಬರಬೇಕು. ಬೆಳೆಗಾರರು ಕಚೇರಿಗೆ ಬಂದು ‘ಯಾರು ಇಟ್ಟಿದ್ದು?’ ಎಂದು ನೇರವಾಗಿ ಕೇಳಿದರೆ ‘ನಮ್ಮ ಕೆಲಸದವರೇ ಇಟ್ಟಿದ್ದು, ಜವಾಬ್ದಾರಿ ನಮ್ಮದು’ ಎಂದು ನೇರವಾಗಿಯೇ ಹೇಳಬೇಕು.