ಎಕ್ಸ್‌ಪೈರಿ 2027 ಇದೆ, ಓಪನ್ ಮಾಡಿದ ಕಣ್ಣಿನ ಡ್ರಾಪ್ಸ್ ಹಾಕಬಹುದಾ?

ಪ್ರಶ್ನೆ: ಅಮ್ಮನ ಕಣ್ಣು ಕೆಂಪಾಗಿದ್ದಾಗ ತಂದ ಡ್ರಾಪ್ಸ್ ಅರ್ಧ ಉಳಿದಿದೆ. ಜುಲೈ 5ಕ್ಕೆ ಓಪನ್ ಮಾಡಿದ್ದು. ಎಕ್ಸ್‌ಪೈರಿ 2027 ಇದೆ. ಈಗ ಸೆಪ್ಟೆಂಬರ್‌ನಲ್ಲಿ ಮತ್ತೆ ಕೆಂಪಾಗಿದೆ. ಅದನ್ನೇ ಹಾಕಲಾ? – ಓದುಗರೊಬ್ಬರು, ಮಲ್ಪೆ

ಉತ್ತರ: ದಯವಿಟ್ಟು ಬೇಡ. ಬಾಟಲಿಯ ಮೇಲಿನ 2027 ಸೀಲ್ ಒಡೆಯದ ಔಷಧಿಯ ಲೆಕ್ಕ. ಸೀಲ್ ಒಡೆದ ದಿನದಿಂದ ಬೇರೆ ಲೆಕ್ಕ ಶುರುವಾಗುತ್ತದೆ. ಹೆಚ್ಚಿನ ಕಣ್ಣಿನ ಡ್ರಾಪ್ಸ್‌ಗೆ ಅದು 28 ದಿನ, ಅಂದರೆ ನಿಮ್ಮ ಬಾಟಲಿ ಆಗಸ್ಟ್ 2ಕ್ಕೇ ಮುಗಿದಿದೆ. ಲೇಬಲ್‌ನಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನೇ ನಂಬಿ.

ಯಾಕೆ ಇಷ್ಟು ಕಡಿಮೆ? ಹಾಕುವಾಗ ಬಾಟಲಿಯ ತುದಿ ರೆಪ್ಪೆಗೋ ಬೆರಳಿಗೋ ತಾಗಿಬಿಡುತ್ತದೆ. ಒತ್ತಿ ಬಿಟ್ಟಾಗ ಬಾಟಲಿ ಸ್ವಲ್ಪ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಜೊತೆ ರೋಗಾಣುವೂ ಹೋಗಬಹುದು. ಒಳಗಿರುವ ಪ್ರಿಸರ್ವೇಟಿವ್ ಅದನ್ನು ತಡೆಯುತ್ತದೆ, ಆದರೆ ಎಷ್ಟು ದಿನ ಬೇಕಾದರೂ ಅಲ್ಲ. ಕೆಟ್ಟ ಡ್ರಾಪ್ಸ್ ನೋಡಲು ತಿಳಿಯಾಗಿಯೇ ಇರಬಹುದು, ಹಾಗಾಗಿ ಕಣ್ಣಂದಾಜು ಬೇಡ. ಪ್ರಿಸರ್ವೇಟಿವ್ ಇಲ್ಲದ ಒಂದೇ ಬಾರಿಯ ಪುಟ್ಟ ಟ್ಯೂಬ್‌ಗಳಾದರೆ ಒಮ್ಮೆ ಹಾಕಿ ಉಳಿದದ್ದನ್ನು ಎಸೆಯಬೇಕು. ಕಣ್ಣಿಗೆ ಹಚ್ಚುವ ಆಯಿಂಟ್‌ಮೆಂಟ್‌ಗೂ ಸಾಮಾನ್ಯವಾಗಿ ಇದೇ 28 ದಿನ.

ಇನ್ನೊಂದು ಮಾತು. ಕಣ್ಣು ಕೆಂಪಾಗುವುದಕ್ಕೆ ಕಾರಣ ಪ್ರತಿ ಸಲ ಒಂದೇ ಇರುವುದಿಲ್ಲ. ಹಳೆಯ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇದ್ದರೆ ಕೆಲವು ಸೋಂಕು ಜಾಸ್ತಿಯಾಗುತ್ತದೆ. ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ.

ಮನೆಯ ಬೇರೆ ಔಷಧಿಗಳಿಗೂ ಇಂಥದೇ ಲೆಕ್ಕ ಇದೆ. ಮಕ್ಕಳ ಆಂಟಿಬಯಾಟಿಕ್ ಪುಡಿಗೆ ನೀರು ಬೆರೆಸಿದ ದಿನವೇ ಲೆಕ್ಕದ ಮೊದಲ ದಿನ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದರೆ ಫ್ರಿಜ್‌ನಲ್ಲಿ 7 ದಿನ, ಮತ್ತೆ ಎಸೆಯಬೇಕು. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಇಡಬೇಡಿ. ರೆಡಿ ಸಿರಪ್‌ಗಳಿಗೆ ಲೇಬಲ್‌ನಲ್ಲಿ ಏನೂ ಇಲ್ಲದಿದ್ದರೆ 6 ತಿಂಗಳು ಎಂಬ ಲೆಕ್ಕ ರೂಢಿಯಲ್ಲಿದೆ. ಕ್ರೀಮ್‌ನಲ್ಲಿ ನೀರಿದೆ, ಬೇಗ ಕೆಡುತ್ತದೆ. ಟ್ಯೂಬ್‌ಗೆ 3 ತಿಂಗಳು, ಬೆರಳು ಅದ್ದುವ ಡಬ್ಬಿಗೆ 1 ತಿಂಗಳು ಸಾಕು. ಚರ್ಮಕ್ಕೆ ಹಚ್ಚುವ ನೀರಿಲ್ಲದ ಆಯಿಂಟ್‌ಮೆಂಟ್ ಟ್ಯೂಬ್ ಸ್ವಲ್ಪ ಜಾಸ್ತಿ, ಸುಮಾರು 6 ತಿಂಗಳು ಬರುತ್ತದೆ.

ದಿನಾಂಕ ಬರೆಯುವುದು ಹೇಗೆ ಅಂದರೆ, ರಟ್ಟಿನ ಪೆಟ್ಟಿಗೆಯ ಮೇಲೆ ಬರೆದು ಪ್ರಯೋಜನ ಇಲ್ಲ, ಅದು ಮೊದಲು ಕಳೆದುಹೋಗುತ್ತದೆ. ಬಾಟಲಿಯ ಮೇಲೆ ಬಾಲ್‌ಪೆನ್ನಲ್ಲಿ ಬರೆದರೆ ನಮ್ಮ ಕರಾವಳಿಯ ಸೆಕೆ, ಫ್ರಿಜ್‌ನ ಪಸೆಗೆ ಅಳಿಸಿಹೋಗುತ್ತದೆ. ಗಾಯಕ್ಕೆ ಅಂಟಿಸುವ ಬಿಳಿ ಟೇಪ್‌ನ ತುಂಡಿಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಎರಡು ದಿನಾಂಕ ಬರೆದು ಅಂಟಿಸಿ: "ಓಪನ್ 5-7, ಎಸೆ 2-8". ಔಷಧಿಯ ಹೆಸರು, ಎಕ್ಸ್‌ಪೈರಿ ಮುಚ್ಚದಿರಲಿ. ಟ್ಯೂಬ್‌ಗಾದರೆ ಮುಚ್ಚಳದ ಹತ್ತಿರ ಅಂಟಿಸಿ. ಹಿಂಭಾಗದಿಂದ ಸುರುಳಿ ಸುತ್ತಿಕೊಂಡು ಬಂದರೂ ಟೇಪ್ ಕೊನೆಯವರೆಗೆ ಕಾಣುತ್ತದೆ.