ಕೆಲಸ ಬಿಟ್ಟ ಮೇಲೂ 2 ವರ್ಷ ಅದೇ ಲೈನಿನಲ್ಲಿ ದುಡಿಯಬಾರದಾ?

ಪ್ರಶ್ನೆ: ಸರ್, ನಾನು ಮಂಡ್ಯದವನು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಮೆಷಿನ್‌ಗಳಿಗೆ ಕಟಿಂಗ್ ಟೂಲ್ ಸಪ್ಲೈ ಮಾಡುವ ಕಂಪನಿಯಲ್ಲಿ ಸೇಲ್ಸ್ ಎಂಜಿನಿಯರ್ ಕೆಲಸ ಸಿಕ್ಕಿದೆ. ಕೆಲಸ ಬಿಟ್ಟ ಮೇಲೆ 2 ವರ್ಷ ಇದೇ ಬಗೆಯ ಬೇರೆ ಕಂಪನಿ ಸೇರಬಾರದು, ಕಂಪನಿಯ ಗ್ರಾಹಕರನ್ನಾಗಲಿ ನೌಕರರನ್ನಾಗಲಿ ಸೆಳೆಯಬಾರದು, ತಪ್ಪಿದರೆ 3 ಲಕ್ಷ ಕಟ್ಟಬೇಕು ಅಂತ ಅಗ್ರಿಮೆಂಟ್‌ನಲ್ಲಿದೆ. ಹಿಂದಿನ ಕೆಲಸದಲ್ಲಿ ತೂಬಿನಕೆರೆ ಕಡೆಯ ವರ್ಕ್‌ಶಾಪ್‌ಗಳಿಗೆ ಟೂಲ್ ಮಾರುತ್ತಿದ್ದೆ. ನನಗೆ ಗೊತ್ತಿರುವುದು ಇದೊಂದೇ ಲೈನು. ಸಹಿ ಹಾಕಲಾ, ಬೇಡವಾ?

ಉತ್ತರ: ಸಹಿ ಹಾಕಬಹುದು. ಆದರೆ ಅದಕ್ಕೆ ಮುಂಚೆ ಒಂದೆರಡು ತಿದ್ದುಪಡಿ ಕೇಳಿ. ನೀವು ಹೆದರಿರುವುದು 2 ವರ್ಷದ ಮಾತಿಗೆ. ನಿಜವಾಗಿ ಕಣ್ಣಿಡಬೇಕಾದದ್ದು ಅದರ ಪಕ್ಕದಲ್ಲಿರುವ ಗ್ರಾಹಕರ ಮಾತಿಗೆ.

ಮೊದಲು ಆ 2 ವರ್ಷ. ಇದನ್ನೇ ನಾನ್-ಕಾಂಪೀಟ್ ಷರತ್ತು ಅನ್ನುವುದು. ಬೇರೆ ಕಂಪನಿ ಸೇರುವುದನ್ನೇ ಇದು ತಡೆಯಲು ನೋಡುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬ ಮನುಷ್ಯ ತನ್ನ ಉದ್ಯೋಗ ಅಥವಾ ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕಾಯ್ದೆಯೇ ಕೊಟ್ಟಿರುವ ವಿನಾಯಿತಿ ವ್ಯಾಪಾರವನ್ನು ಅದರ ಹೆಸರು, ಗಿರಾಕಿಗಳ ಸಮೇತ ಮಾರಿದವರಿಗೆ. ನೀವು ಸಂಬಳದವರು, ಅದು ನಿಮಗೆ ಬರುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ನಡುವಿನ ಕೇಸಿನಲ್ಲಿ, 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ನಿಲುವು ತಳೆಯಿತು. ಕರಾರಿನ ಅವಧಿ ಮುಗಿದ ಮೇಲೂ ಕೈ ಕಟ್ಟಿಹಾಕುವ ಷರತ್ತು ನಿಲ್ಲುವುದಿಲ್ಲ ಅಂದಿತು. 2 ವರ್ಷದ ಬದಲು 6 ತಿಂಗಳು ಅಂತ ಬರೆದಿದ್ದರೂ ನಿಮ್ಮಂಥ ನೌಕರರ ವಿಷಯದಲ್ಲಿ ಸಾಮಾನ್ಯವಾಗಿ ಉತ್ತರ ಬದಲಾಗುವುದಿಲ್ಲ.

ಹಾಗಾದರೆ ಕಂಪನಿಗಳು ಇದನ್ನು ಯಾಕೆ ಬರೆಯುತ್ತವೆ? ಓದಿದವರು ಹೆದರಿ ಸುಮ್ನಿರಲಿ ಅಂತಲೇ ಜಾಸ್ತಿ. ಹಳೆಯ ಅಗ್ರಿಮೆಂಟ್‌ನಿಂದ ಕಾಪಿ ಮಾಡಿ ಹಾಕುವುದೂ ಉಂಟು.

ಇಲ್ಲೊಂದು ಎಚ್ಚರಿಕೆ ಬೇಕು. ಕೆಲಸದಲ್ಲಿರುವಷ್ಟು ದಿನ ಈ ಷರತ್ತಿಗೆ ಪೂರ್ತಿ ಬಲ ಇದೆ. ಹಗಲು ಹೆಬ್ಬಾಳದಲ್ಲಿ ಡ್ಯೂಟಿ, ಸಂಜೆ ಭಾಮೈದನ ಹೆಸರಿನಲ್ಲಿ ಅದೇ ಟೂಲ್ ಮಾರಾಟ ಅಂದರೆ ಸಿಕ್ಕಿಬೀಳುತ್ತೀರಿ. ನೋಟಿಸ್ ಪೀರಿಯಡ್ ಕೂಡ ಕೆಲಸದ ಅವಧಿಯೇ. ಇನ್ನು ಇಂತಿಷ್ಟು ವರ್ಷ ಅಂತ ಗೊತ್ತುಮಾಡಿದ ಕಾಂಟ್ರ್ಯಾಕ್ಟ್ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. 1967ರ ಗೋಲಿಕರಿ ಕೇಸಿನಲ್ಲಿ 5 ವರ್ಷದ ಕರಾರಿಗೆ ಒಪ್ಪಿದ್ದ ನೌಕರರೊಬ್ಬರು ನಡುವೆಯೇ ಬಿಟ್ಟು ಪ್ರತಿಸ್ಪರ್ಧಿ ಕಂಪನಿ ಸೇರಿದರು. ಉಳಿದ ಅವಧಿಗೆ ಅಲ್ಲಿ ಕೆಲಸ ಮಾಡದಂತೆ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಆಫರ್‌ನಲ್ಲಿ ಅಂಥ ಅವಧಿ ಇದೆಯಾ ಅಂತ ನೋಡಿಕೊಳ್ಳಿ.

ಈಗ ಗ್ರಾಹಕರ ಮಾತು. ಇದು ನಾನ್-ಸಾಲಿಸಿಟ್ ಷರತ್ತು. ನೀವು ಎಲ್ಲಿ ಬೇಕಾದರೂ ಕೆಲಸ ಮಾಡಿ, ಆದರೆ ನಮ್ಮ ಗಿರಾಕಿಗಳ ಹಿಂದೆ ಬಿದ್ದು ಅವರನ್ನು ಆ ಕಡೆಗೆ ಎಳೆದುಕೊಳ್ಳಬೇಡಿ ಅಂತ ಇದರ ಅರ್ಥ. ಹೊಟ್ಟೆಪಾಡನ್ನೇ ಮುಚ್ಚುವುದಿಲ್ಲವಾದ್ದರಿಂದ, ವ್ಯಾಪ್ತಿ ಚಿಕ್ಕದಾಗಿದ್ದರೆ ಕೋರ್ಟುಗಳು ಇದನ್ನು ಕೆಲವೊಮ್ಮೆ ಮಾನ್ಯ ಮಾಡಿದ್ದಾವೆ. ನೌಕರನಿಗೆ ಹೊಸ ಕೆಲಸ ಮಾಡಲು ಬಿಟ್ಟು, ಹಳೆಯ ಕಂಪನಿಯ ಗ್ರಾಹಕರನ್ನು ಸೆಳೆಯದಂತೆ ಮಾತ್ರ ತಡೆ ಹಾಕಿದ ಉದಾಹರಣೆಯೂ ಇದೆ.

ನಿಮ್ಮ ಕೆಲಸಕ್ಕೇ ಹೊಂದಿಸಿ ನೋಡೋಣ. ಎರಡು ವರ್ಷ ದುಡಿದು ಬಿಟ್ಟಿರಿ, ಹೂಟಗಳ್ಳಿಯ ಇನ್ನೊಂದು ಟೂಲ್ ಕಂಪನಿ ಸೇರಿದಿರಿ ಅಂದುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಹೆಸರು ಹಾಕಿದರೆ ಅಷ್ಟಕ್ಕೇ ಅದು ಸೆಳೆಯುವುದು ಅಂತ ಹೇಳುವುದು ಕಷ್ಟ. ನಂಜನಗೂಡಿನ ಫ್ಯಾಕ್ಟರಿಯ ಪರ್ಚೇಸ್ ಮ್ಯಾನೇಜರ್ ತಾನಾಗಿ ಫೋನ್ ಮಾಡಿ, 'ಈಗ ಎಲ್ಲಿದೀರಪ್ಪ? ಇನ್‌ಸರ್ಟ್‌ಗೆ ಒಂದು ಕೊಟೇಶನ್ ಕಳಿಸಿ' ಅಂದರೂ ನೀವು ಸೆಳೆದ ಹಾಗಾಗುವುದಿಲ್ಲ. ಆದರೆ ಅದೇ ಮ್ಯಾನೇಜರ್‌ಗೆ ನೀವೇ ವಾಟ್ಸಾಪ್ ಮಾಡಿ, 'ಹಳೆಯ ಕಂಪನಿ ಕೊಡುವ ರೇಟಿಗಿಂತ 8 ಪರ್ಸೆಂಟ್ ಕಡಿಮೆಗೆ ಕೊಡಿಸ್ತೀನಿ' ಅಂದರೆ ಅದು ನೇರವಾಗಿ ಸೆಳೆಯುವುದೇ. ಮೆಸೇಜೇ ಸಾಕ್ಷಿ. ಜೊತೆಗೆ ಹಳೆಯ ರೇಟನ್ನು ಬಳಸಿಕೊಂಡಿರಿ ಅನ್ನುವ ಇನ್ನೊಂದು ತಪ್ಪೂ ಸೇರುತ್ತದೆ.

ಕೇಸುಗಳು ನಿಜವಾಗಿ ಗಟ್ಟಿಯಾಗುವುದು ಈ ರೇಟಿನ ವಿಷಯಕ್ಕೇ. ಕೆಲಸ ಬಿಡುವ ಹಿಂದಿನ ವಾರ ಪ್ರೈಸ್ ಲಿಸ್ಟ್, ಗ್ರಾಹಕರಿಗೆ ಕೊಟ್ಟ ಡಿಸ್ಕೌಂಟ್, ಡ್ರಾಯಿಂಗ್ ಇರುವ ಎಕ್ಸೆಲ್ ಫೈಲನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವವರಿದ್ದಾರೆ. ಕಂಪನಿ ಮೇಲ್‌ನಲ್ಲಿ ಅದರ ದಾಖಲೆ ಉಳಿದಿರುತ್ತದೆ. ನಾನ್-ಕಾಂಪೀಟ್ ಷರತ್ತು ಬಿದ್ದುಹೋದರೂ ಗೋಪ್ಯ ಮಾಹಿತಿಯ ಷರತ್ತು ನಿಮ್ಮನ್ನು ಬಿಡುವುದಿಲ್ಲ. ಯಾವ ವರ್ಕ್‌ಶಾಪ್ ಎಲ್ಲಿದೆ, ಯಾವ ಲೋಹಕ್ಕೆ ಯಾವ ಇನ್‌ಸರ್ಟ್ ಹೊಂದುತ್ತದೆ ಅನ್ನುವ ಅನುಭವ ನಿಮ್ಮದು, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆ ಫೈಲು ಮಾತ್ರ ನಿಮ್ಮದಲ್ಲ.

ನೌಕರರನ್ನು ಸೆಳೆಯುವ ಮಾತಿಗೂ ಇದೇ ಅಳತೆ. ಹಳೆಯ ಸಹೋದ್ಯೋಗಿ ಜಾಹೀರಾತು ನೋಡಿ ತಾನೇ ಅರ್ಜಿ ಹಾಕಿದರೆ ಒಂದು, ನೀವು ಇಡೀ ಟೀಮನ್ನು ಕರೆದುಕೊಂಡು ಹೋದರೆ ಇನ್ನೊಂದು.

3 ಲಕ್ಷದ ಬಗ್ಗೆ: ಅಗ್ರಿಮೆಂಟ್‌ನಲ್ಲಿ ಬರೆದಿದೆ ಅಂದ ಮಾತ್ರಕ್ಕೆ ಪೂರ್ತಿ ಮೊತ್ತ ಕೊಡಬೇಕಾಗಿಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬರೆದಿರುವ ಮೊತ್ತ ಮೇಲಿನ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟ್ ನೋಡುತ್ತದೆ. ಷರತ್ತೇ ಅಸಿಂಧುವಾದರೆ ಅದನ್ನು ಮುರಿದಿದ್ದಕ್ಕೆ ದಂಡವೂ ನಿಲ್ಲದು. ಆದರೆ ಬಾಂಡ್ ಜೊತೆ ಇದನ್ನು ಬೆರೆಸಬೇಡಿ. ಇಷ್ಟು ವರ್ಷ ಕೆಲಸ ಮಾಡಲೇಬೇಕು, ಮುಂಚೆ ಬಿಟ್ಟರೆ ಹಣ ಕಟ್ಟಬೇಕು ಅನ್ನುವುದು ಬೇರೆ ಷರತ್ತು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ, 3 ವರ್ಷದ ಸೇವೆ ಮುಗಿಸದಿದ್ದರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಅಸಿಂಧು ಅಂದ ತಕ್ಷಣ ತಲೆನೋವು ಇರುವುದಿಲ್ಲ ಅಂತಲ್ಲ. ಹಳೆಯ ಕಂಪನಿ ಲಾಯರ್ ನೋಟಿಸ್ ಕಳಿಸಬಹುದು. ಹೊಸ ಕಂಪನಿಗೂ ಒಂದು ಕಾಪಿ ಹೋಗಬಹುದು. ರಿಲೀವಿಂಗ್ ಲೆಟರ್ ಕೊಡಲು ಸತಾಯಿಸಬಹುದು. ಅದಕ್ಕೇ ಸಹಿಗೆ ಮುಂಚೆ ಕೇಳಿ ಸರಿಮಾಡಿಸಿಕೊಳ್ಳುವುದು ಲೇಸು.

2 ವರ್ಷದ ಸಾಲನ್ನು ತೆಗೆಯಿರಿ ಅಂತ ಜಗಳಕ್ಕೆ ನಿಲ್ಲಬೇಡಿ. ಅದು ಹೇಗೂ ಗಟ್ಟಿಯಲ್ಲ. ಆ ಶಕ್ತಿಯನ್ನು 'ಗ್ರಾಹಕ' ಅಂದರೆ ಯಾರು ಅನ್ನುವುದರ ಮೇಲೆ ಖರ್ಚು ಮಾಡಿ. 'ಕಂಪನಿಯ ಈಗಿನ ಮತ್ತು ಮುಂದಿನ ಎಲ್ಲ ಗ್ರಾಹಕರು' ಅಂತಿದ್ದರೆ ಮೈಸೂರು, ಮಂಡ್ಯದ ಅರ್ಧ ಫ್ಯಾಕ್ಟರಿಗಳು ಅದರೊಳಗೆ ಬಂದುಬಿಡುತ್ತವೆ. ನಿಮ್ಮ ತೂಬಿನಕೆರೆಯ ಹಳೆಯ ಪರಿಚಯದವರೂ ನಾಳೆ ಕಂಪನಿಯ ಗ್ರಾಹಕರೇ ಆಗುತ್ತಾರೆ ಅಲ್ವಾ? ಹೋಗುವಾಗ ಅವರನ್ನೂ ಬಿಟ್ಟು ಹೋಗಿ ಅಂದರೆ ಹೇಗೆ? ಎಚ್‌ಆರ್‌ಗೆ ಮೇಲ್ ಹಾಕಿ, ಬಾಯಿಮಾತು ಬೇಡ. ಹೀಗೆ ಬರೆಯಬಹುದು:

'ಗ್ರಾಹಕರು ಅಂದರೆ ನಾನು ಕೆಲಸ ಬಿಡುವ ಮುಂಚಿನ 12 ತಿಂಗಳಲ್ಲಿ ನಾನೇ ವ್ಯವಹರಿಸಿದವರು ಮಾತ್ರ ಅಂತ ಸೇರಿಸಲು ಕೋರುತ್ತೇನೆ. ಗ್ರಾಹಕರೇ ಮೊದಲು ಸಂಪರ್ಕಿಸಿದರೆ ಅದು ಉಲ್ಲಂಘನೆಯಲ್ಲ ಅಂತಲೂ ನಮೂದಿಸಿ. ನಿಮ್ಮಲ್ಲಿ ಸೇರುವ ಮುಂಚೆಯೇ ನನಗೆ ವ್ಯಾಪಾರ ಸಂಬಂಧವಿದ್ದ ವರ್ಕ್‌ಶಾಪ್‌ಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಇವು ಈ ಷರತ್ತಿಗೆ ಒಳಪಡುವುದಿಲ್ಲ ಅಂತ ಅಗ್ರಿಮೆಂಟ್‌ಗೆ ಅನುಬಂಧವಾಗಿ ಸೇರಿಸಿ.'

ಪಟ್ಟಿಯಲ್ಲಿ ವರ್ಕ್‌ಶಾಪ್ ಹೆಸರು, ಊರು, ಯಾವ ವರ್ಷದಿಂದ ಪರಿಚಯ ಅನ್ನುವುದಷ್ಟೇ ಸಾಕು. ಹಿಂದಿನ ಕಂಪನಿಯ ರೇಟು, ಆರ್ಡರ್ ವಿವರ ಅದರಲ್ಲಿ ಬರೆಯಬೇಡಿ. ಅಲ್ಲಿಯೂ ನೀವು ಇಂಥದ್ದೇ ಕಾಗದಕ್ಕೆ ಸಹಿ ಹಾಕಿರಬಹುದು. ಪಟ್ಟಿ ಕಳಿಸುವ ಮುಂಚೆ ಅದನ್ನೂ ಹುಡುಕಿ ತೆಗೆದು ಓದಿ.