‘ಮೇಲಿನವರದೇ ಲೀಕೇಜ್’ ಅಂತ ಬರೆದರೆ ಕೇಸ್ ನಿಲ್ಲುವುದಿಲ್ಲ

ಮುಂಬೈಯಲ್ಲಿ ಮಳೆ ಶುರುವಾದ ಮೇಲೆ ನನಗೆ ಬರುವ ಫೋನುಗಳೆಲ್ಲ ಹೆಚ್ಚೂಕಮ್ಮಿ ಒಂದೇ ಥರ. “ಸರ್, ಬಾತ್‌ರೂಮಿನ ಸೀಲಿಂಗ್ ನೆನೆದು ಪ್ಲಾಸ್ಟರ್ ಉದುರ್ತಾ ಇದೆ. ಮೇಲಿನ ಫ್ಲ್ಯಾಟಿನವರದೇ ಲೀಕೇಜ್ ಅಂತ ಒಂದು ರಿಪೋರ್ಟ್ ಬರೆದುಕೊಡಿ. ಖರ್ಚು ಅವರಿಂದಲೇ ವಸೂಲಿ ಮಾಡ್ಬೇಕು.” ನೋಡುವ ಮೊದಲೇ ಏನು ಬರೆಯಬೇಕು ಅಂತ ಅವರೇ ತೀರ್ಮಾನ ಮಾಡಿರುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಬರೆಸಿಕೊಂಡ ರಿಪೋರ್ಟ್ ಅವರದೇ ಕೇಸನ್ನು ಹಾಳು ಮಾಡುತ್ತದೆ.

ಡೊಂಬಿವಿಲಿಯ ಒಂದು ಹಳೇ ಸೊಸೈಟಿಯ ವಿಷಯ ಹೇಳುತ್ತೇನೆ. ಎರಡನೇ ಮಹಡಿಯಲ್ಲಿ ನಮ್ಮ ಕಡೆಯ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಜುಲೈಯಲ್ಲಿ ಅವರ ಬಾತ್‌ರೂಮಿನ ಸೀಲಿಂಗ್ ನೆನೆಯಿತು. ಪಕ್ಕದ ಬೆಡ್‌ರೂಮಿನ ಗೋಡೆಗೂ ತೇವ ಇಳಿದು ಮರದ ಕಪಾಟು ಕೆಟ್ಟಿತು. ಯಾರೋ ಇಂಜಿನಿಯರ್ ಒಬ್ಬರನ್ನು ಕರೆಸಿ ಒಂದು ಪುಟದ ರಿಪೋರ್ಟ್ ಪಡೆದರು. ಅದರಲ್ಲಿದ್ದ ಮುಖ್ಯ ವಾಕ್ಯ ಇದು: “ಮೇಲಿನ ಫ್ಲ್ಯಾಟಿನ ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಬಹುಶಃ ಹಾಳಾಗಿದೆ, ನೀರು ಅಲ್ಲಿಂದಲೇ ಬರುತ್ತಿರುವಂತೆ ಕಾಣುತ್ತದೆ.” ನೋಡಿದ ತಾರೀಖು ಇರಲಿಲ್ಲ. ಹಿಂದೆ ನಾಲ್ಕು ಫೋಟೋ ಅಂಟಿಸಿದ್ದರು, ಆ ಪುಟಕ್ಕೆ ಸಹಿಯೂ ಇರಲಿಲ್ಲ.

ಆ ರಿಪೋರ್ಟ್ ಜೊತೆ ನೋಟಿಸ್ ಹೋಯಿತು. ಮೇಲಿನವರ ವಕೀಲರು ಉತ್ತರದಲ್ಲಿ ಮೂರೇ ಪ್ರಶ್ನೆ ಕೇಳಿದರು. ಇಂಜಿನಿಯರ್ ನಮ್ಮ ಕಕ್ಷಿದಾರರ ಮನೆಯೊಳಗೆ ಬಂದಿದ್ದರೇ? ಯಾವ ಟೆಸ್ಟ್ ಮಾಡಿದರು? ಆ ದಿನ ಮಳೆ ಇತ್ತೇ? ಮೂರಕ್ಕೂ ಉತ್ತರ ಇರಲಿಲ್ಲ.

ನಾನು ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳಬೇಕಾಗಿದೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಸೀಲಿಂಗ್ ಮೇಲಿನ ಕಲೆ ನೀರು ಬಂದಿದೆ ಅಂತ ಮಾತ್ರ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಮೇಲಿನ ಬಾತ್‌ರೂಮಿನ ನೆಲದಿಂದ ಬರಬಹುದು, ಗೋಡೆಯೊಳಗಿನ ಪೈಪಿನಿಂದ ಬರಬಹುದು, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತಲಿನ ಬಿರುಕಿನಿಂದ ಬರಬಹುದು. ಕಟ್ಟಡದ ಪೈಪುಗಳು ಇಳಿಯುವ ಡಕ್ಟಿನಲ್ಲಿರುವ ಸೊಸೈಟಿಯ ಪೈಪು ಒಡೆದಿರಬಹುದು, ಹೊರಗೋಡೆಯ ಬಿರುಕಿನಿಂದ ಮಳೆನೀರು ಇಳಿಯುತ್ತಿರಬಹುದು. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಮಳೆನೀರು ಮತ್ತು ಹೊರಗಿನ ಕಾಮನ್ ಪೈಪಿನ ಸೋರಿಕೆ ರಿಪೇರಿ ಸೊಸೈಟಿಯ ಖರ್ಚು. ಫ್ಲ್ಯಾಟಿನ ಒಳಗಿನದು ಸಾಮಾನ್ಯವಾಗಿ ಆಯಾ ಸದಸ್ಯರದು. ಅಂದರೆ ಮೂಲ ಬದಲಾದರೆ ಹಣ ಕೊಡಬೇಕಾದವರೇ ಬದಲಾಗುತ್ತಾರೆ. ಅಲ್ಲಿ ‘ಬಹುಶಃ’ ಅಂತ ಬರೆದರೆ ಯಾರ ಮೇಲೂ ಹೊಣೆ ಹೊರಿಸಲು ಆಗುವುದಿಲ್ಲ.

ಸುಪ್ರೀಂ ಕೋರ್ಟ್ 1999ರಲ್ಲಿ ಹಿಮಾಚಲದ ಸೇಬು ಬೆಳೆಗಾರರ ಪರಿಹಾರಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ತಜ್ಞರ ಅಭಿಪ್ರಾಯ ಅಷ್ಟೇ ಸಾಲದು, ಅದಕ್ಕೆ ಆಧಾರವಾದ ಮಾಹಿತಿ, ಕಾರಣ ಎರಡನ್ನೂ ಕೋರ್ಟಿನ ಮುಂದಿಡಬೇಕು. ಹಾಗಾಗಿ ನಾನು ‘ಕಂಡದ್ದು’, ‘ಅಳೆದದ್ದು’, ‘ತೀರ್ಮಾನ’ ಅಂತ ಮೂರು ಭಾಗ ಮಾಡಿಯೇ ಬರೆಯುತ್ತೇನೆ. ಮೂರನೆಯದರ ಪ್ರತಿ ಸಾಲಿಗೂ ಮೊದಲ ಎರಡರಲ್ಲಿ ಆಧಾರ ಸಿಗಬೇಕು.

ಆ ಟೀಚರ್ ನನ್ನನ್ನು ಕರೆದದ್ದು ನವೆಂಬರಿನಲ್ಲಿ. ಮೇಲಿನ ಮನೆಯವರು, ಚಿಕ್ಕ ವಯಸ್ಸಿನ ದಂಪತಿ, ಟೆಸ್ಟಿಗೆ ಒಪ್ಪಿದರು. ಮೊದಲು ಅವರ ಬಾತ್‌ರೂಮಿನ ವಾಲ್ವ್ ತೆರೆದಿಟ್ಟು, ನಲ್ಲಿಗಳನ್ನೆಲ್ಲ ಮುಚ್ಚಿ, ಬಳಕೆ ನಿಲ್ಲಿಸಿ ಒಂದು ದಿನ ಕೆಳಗೆ ನೋಡಿದೆವು. ಗೋಡೆಯೊಳಗಿನ ಪೈಪು ಸೋರುತ್ತಿದ್ದರೆ ಯಾರೂ ಸ್ನಾನ ಮಾಡದಿದ್ದರೂ ತೇವ ಏರುತ್ತದೆ. ಏರಲಿಲ್ಲ. ಆಮೇಲೆ ನಹಾನಿ ಟ್ರ್ಯಾಪ್ ಮುಚ್ಚಿ, ನೆಲದ ಮೇಲೆ ಬಣ್ಣ ಬೆರೆಸಿದ ನೀರನ್ನು ಒಂದಿಂಚು ನಿಲ್ಲಿಸಿದೆವು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 72 ಗಂಟೆ ಬಿಟ್ಟೆವು. ಹಳೇ ಕಟ್ಟಡಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ತಗ್ಗಿನಲ್ಲಿರುತ್ತದೆ, ಅದರೊಳಗೆ ಇಟ್ಟಿಗೆ ಚೂರು, ಗಾರೆ ತುಂಬಿ ಕೋಬಾ ಹಾಕಿರುತ್ತಾರೆ. ಆ ತುಂಬುವಿಕೆ ಮೊದಲು ನೀರು ಕುಡಿಯುತ್ತದೆ, ನಂತರವೇ ಕೆಳಗೆ ಬಿಡುತ್ತದೆ. ಎರಡು ಗಂಟೆ ನೀರು ನಿಲ್ಲಿಸಿ ‘ಸೋರುವುದಿಲ್ಲ’ ಅಂತ ಬರೆದರೆ ಅದೂ ಊಹೆಯೇ. ಕೆಳಗೆ ಮಾಯಿಶ್ಚರ್ ಮೀಟರಿನಲ್ಲಿ ಕಲೆಯ ಜಾಗ ಮತ್ತು ದೂರದ ಒಣ ಮೂಲೆ, ಎರಡರ ರೀಡಿಂಗನ್ನೂ ದಿನಾ ಬರೆದುಕೊಂಡೆವು. ಪ್ಲಾಸ್ಟರಿನಲ್ಲಿ ಉಪ್ಪು ಕೂತಿದ್ದರೆ ಮೀಟರು ಹೆಚ್ಚು ತೋರಿಸುತ್ತದೆ, ಅದಕ್ಕೇ ಒಂದೇ ಅಂಕಿಯನ್ನು ನಂಬಬಾರದು. ಏರುತ್ತಿದೆಯೋ ಇಲ್ಲವೋ ಅಂತ ನೋಡಬೇಕು. ಮೂರು ದಿನವೂ ಅಂಕಿ ಏರಲಿಲ್ಲ, ಬಣ್ಣವೂ ಕೆಳಗಿಳಿಯಲಿಲ್ಲ.

ಕಲೆ ಗಾಢವಾಗಿದ್ದದ್ದು ಡಕ್ಟಿನ ಕಡೆಯ ಮೂಲೆಯಲ್ಲಿ. ಹೋಗಿ ನೋಡಿದರೆ ಡಕ್ಟಿನಲ್ಲಿ ಪೈಪು ಹೊಸದು. ಅಕ್ಟೋಬರಿನಲ್ಲಿ ಸೊಸೈಟಿ ಹಳೆಯದನ್ನು ಕಿತ್ತು ಬದಲಾಯಿಸಿತ್ತು. ಹಳೇ ಪೈಪು ಗುಜರಿಗೆ ಹೋಗಿತ್ತು, ಫೋಟೋ ಯಾರ ಬಳಿಯೂ ಇರಲಿಲ್ಲ. ಟೀಚರ್ ಮಗ ಜುಲೈಯಲ್ಲಿ ತೆಗೆದ ಒಂದು ಫೋಟೋದಲ್ಲಿ ತೇವ ಡಕ್ಟಿನ ಗೋಡೆಯಿಂದಲೇ ಹರಡಿದ್ದು ಕಾಣುತ್ತಿತ್ತು. ಆದರೆ ಅದು ವಾಟ್ಸಾಪಿನಲ್ಲಿ ಬಂದದ್ದು, ತೆಗೆದ ಸಮಯದ ವಿವರ ಅಳಿಸಿಹೋಗಿತ್ತು. ಮೂಲ ಫೋನು ಮಾರಿಯಾಗಿತ್ತು. ಫೋನಿನ ಫೋಟೋ ಸಾಕ್ಷಿಯಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೈಲೇ ಇಲ್ಲದಿದ್ದರೆ ಅದನ್ನು ಕೊಡುವುದು ಕಷ್ಟ. ಈ ವಿಷಯದಲ್ಲಿ ನಿಮ್ಮ ವಕೀಲರನ್ನೇ ಕೇಳಿ.

ನಾನು ಬರೆದದ್ದು ಇಷ್ಟು: ಟೆಸ್ಟ್ ಮಾಡಿದ ದಿನಗಳಲ್ಲಿ ಮೇಲಿನ ಬಾತ್‌ರೂಮಿನ ನೆಲದಿಂದಾಗಲಿ, ನೀರಿನ ಪೈಪಿನಿಂದಾಗಲಿ ಸೋರಿಕೆ ಕಂಡುಬಂದಿಲ್ಲ. ಕಲೆಯ ಜಾಗ ಡಕ್ಟಿನ ಕಡೆಯ ಮೂಲಕ್ಕೆ ಹೊಂದುತ್ತದೆ. ಡಕ್ಟಿನ ಪೈಪು ಬದಲಾಗಿರುವುದರಿಂದ ಜುಲೈಯ ಮೂಲವನ್ನು ಈಗ ಖಚಿತಪಡಿಸಲು ಸಾಧ್ಯವಿಲ್ಲ. ಟೀಚರಿಗೆ ತುಂಬಾ ಬೇಜಾರಾಯಿತು. “ಅಮ್ಮಾ, ಇದಕ್ಕಿಂತ ಒಂದಕ್ಷರ ಜಾಸ್ತಿ ಬರೆದರೂ ಅವರ ವಕೀಲರು ಅದನ್ನೇ ಹಿಡಿದುಕೊಳ್ತಾರೆ” ಅಂತ ಹೇಳಿದೆ. ಜುಲೈಯಲ್ಲೇ ಯಾರಾದರೂ ಡಕ್ಟಿನೊಳಗೆ ಟಾರ್ಚ್ ಹಾಕಿ ನೋಡಿ, ತಾರೀಖು ಹಾಕಿ ಬರೆದಿದ್ದರೆ ಸೊಸೈಟಿಯನ್ನು ಕೇಳಲು ಅವರ ಕೈಯಲ್ಲಿ ಏನಾದರೂ ಇರುತ್ತಿತ್ತು.

ಇನ್ನು ಸಹಿ. ಟೆಸ್ಟ್ ಮಾಡುವಾಗ ಒಂದು ಹಾಳೆ ಇರುತ್ತದೆ: ತಾರೀಖು, ಗಂಟೆ, ಹಾಜರಿದ್ದವರು, ರೀಡಿಂಗ್. ಅದರ ಮೇಲೆ ಎರಡೂ ಮನೆಯವರು, ಸೊಸೈಟಿಯ ಒಬ್ಬರು ಅಲ್ಲೇ ಸಹಿ ಹಾಕಬೇಕು. ಮೇಲಿನವರು ಹೆದರುತ್ತಾರೆ, ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತೆ ಅಂದುಕೊಳ್ಳುತ್ತಾರೆ. ಆ ಹೆದರಿಕೆ ಸಹಜ. ಅದಕ್ಕೇ ಹಾಳೆಯ ಮೇಲೆ “ಹಾಜರಿದ್ದೆ, ಮೇಲಿನ ರೀಡಿಂಗ್ ನನ್ನೆದುರು ತೆಗೆದದ್ದು, ಕಾರಣದ ಬಗ್ಗೆ ಇದು ಒಪ್ಪಿಗೆ ಅಲ್ಲ” ಅಂತ ಬರೆದಿಡುತ್ತೇನೆ. ಹಾಗೆ ಓದಿಸಿದರೆ ಹೆಚ್ಚಿನವರು ಹಾಕುತ್ತಾರೆ. ಹಾಕದಿದ್ದರೆ “ಸಹಿ ನಿರಾಕರಿಸಿದರು” ಅಂತ ಬರೆದು, ಉಳಿದವರ ಸಹಿ ಪಡೆದರೆ ಆಯಿತು. ವಾರ ಬಿಟ್ಟು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಹಳೇ ತಾರೀಖು ಹಾಕುವುದು ಮಾತ್ರ ಬೇಡವೇ ಬೇಡ. ಪಾಟೀಸವಾಲಿನಲ್ಲಿ ಒಬ್ಬರು “ಆ ದಿನ ನಾನು ಊರಲ್ಲೇ ಇರಲಿಲ್ಲ” ಅಂದರೆ ಇಡೀ ರಿಪೋರ್ಟಿನ ಮೇಲಿನ ನಂಬಿಕೆ ಹೋಗುತ್ತದೆ. ಇಂಜಿನಿಯರ್ ಸಹಿಯೂ ಕೊನೆಯ ಪುಟಕ್ಕೆ ಮಾತ್ರ ಸಾಲದು. ಫೋಟೋ, ನಕ್ಷೆ, ರೀಡಿಂಗ್ ಹಾಳೆ, ಪ್ರತಿಯೊಂದಕ್ಕೂ ಬೇಕು. ಇಲ್ಲದಿದ್ದರೆ ಆಮೇಲೆ ಸೇರಿಸಿದ್ದು ಅನ್ನುವುದು ಸುಲಭ.

ರಿಪೇರಿ ತುರ್ತಾಗಿದ್ದರೆ ಕಾಯಿರಿ ಅಂತ ನಾನು ಹೇಳುವುದಿಲ್ಲ, ಪ್ಲಾಸ್ಟರ್ ತಲೆಯ ಮೇಲೆ ಬೀಳಬಾರದು ಅಲ್ವಾ. ಆದರೆ ಕೆಡವುವ ಮೊದಲು ಸೊಸೈಟಿಗೂ ಮೇಲಿನವರಿಗೂ ಲಿಖಿತವಾಗಿ ತಿಳಿಸಿ, ಕೊಟ್ಟದ್ದಕ್ಕೆ ಪ್ರತಿಯ ಮೇಲೆ ಸಹಿ ಪಡೆಯಿರಿ. ಇಡೀ ಸೀಲಿಂಗ್, ಆಮೇಲೆ ಕಲೆಯ ಹತ್ತಿರ ಅಳತೆ ಟೇಪ್ ಇಟ್ಟು ಫೋಟೋ ತೆಗೆಯಿರಿ, ಮೂಲ ಫೈಲನ್ನು ಅದೇ ಫೋನಿನಲ್ಲಿ ಉಳಿಸಿಕೊಳ್ಳಿ. ಕಿತ್ತ ಪೈಪಿನ ಒಡೆದ ತುಂಡನ್ನು ಚೀಟಿ ಅಂಟಿಸಿ ಸೊಸೈಟಿ ಆಫೀಸಿನಲ್ಲಿ ಇಡಿಸಿ. ಬಣ್ಣ ಬಳಿಯುವುದು ಇದೆಲ್ಲ ಆದ ಮೇಲೆ.